ಸುಂಕ ಒಕ್ಕೂಟದಲ್ಲಿ ವ್ಯಾಪಾರ ಹುಟ್ಟುತ್ತದೆಯೇ, ಬರೀ ಕೈ ಬದಲಾಗುತ್ತದೆಯೇ? ಪದೇ ಪದೇ ಕೇಳುವ ಪ್ರಶ್ನೆಗಳು

ಅಂತರರಾಷ್ಟ್ರೀಯ ವ್ಯಾಪಾರದ ಪಾಠಕ್ಕೆ ಬರುವವರು, ಪತ್ರ ಬರೆಯುವವರು, ಲೇಖನಗಳ ಕೆಳಗೆ ಪ್ರತಿಕ್ರಿಯೆ ಹಾಕುವವರು ತಿರುತಿರುಗಿ ಕೇಳುವ ಪ್ರಶ್ನೆಗಳಿವು. ಕೇಳಿದವರ ಮಾತನ್ನು ಹಾಗೆಯೇ ಇಟ್ಟಿದ್ದೇನೆ. ಉದಾಹರಣೆಗೆ ಹೆಚ್ಚಾಗಿ ಒಂದೇ ಪ್ರಕರಣ ಹಿಡಿದಿದ್ದೇನೆ: 1973ರಲ್ಲಿ ಬ್ರಿಟನ್ ಯುರೋಪಿಯನ್ ಆರ್ಥಿಕ ಸಮುದಾಯ ಎಂಬ ಸುಂಕ ಒಕ್ಕೂಟ ಸೇರಿದಾಗ ನ್ಯೂಜಿಲೆಂಡಿನ ಬೆಣ್ಣೆಗೆ ಏನಾಯಿತು ಎಂಬುದು.

## ಮೊದಲ ಪ್ರಶ್ನೆಗಳು

ಸುಂಕ ಒಕ್ಕೂಟಕ್ಕೂ ಮುಕ್ತ ವ್ಯಾಪಾರ ಒಪ್ಪಂದಕ್ಕೂ ಏನು ವ್ಯತ್ಯಾಸ? ಎರಡೂ ಒಂದೇ ಅಲ್ವಾ?

ಒಳಗಡೆ ಎರಡೂ ಒಂದೇ. ಸದಸ್ಯ ದೇಶಗಳು ಪರಸ್ಪರರ ಸರಕಿನ ಮೇಲೆ ಸುಂಕ ಹಾಕುವುದಿಲ್ಲ. ವ್ಯತ್ಯಾಸ ಇರುವುದು ಹೊರಗಿನವರ ವಿಷಯದಲ್ಲಿ. ಮುಕ್ತ ವ್ಯಾಪಾರ ಒಪ್ಪಂದದಲ್ಲಿ ಪ್ರತಿ ದೇಶವೂ ಹೊರಗಿನವರ ಮೇಲೆ ತನ್ನದೇ ಸುಂಕ ಇಟ್ಟುಕೊಳ್ಳುತ್ತದೆ. ಸುಂಕ ಒಕ್ಕೂಟದಲ್ಲಿ ಎಲ್ಲರೂ ಸೇರಿ ಒಂದೇ ಸುಂಕಪಟ್ಟಿ ಮಾಡಿಕೊಳ್ಳುತ್ತಾರೆ. ಹೊರಗಿನ ಸರಕು ಯಾವ ಬಂದರಿನಲ್ಲಿ ಇಳಿದರೂ ಅದೇ ದರ.

ಇದು ಸಣ್ಣ ವಿಷಯವಲ್ಲ. ದರಗಳು ಬೇರೆ ಬೇರೆ ಇದ್ದರೆ ಸರಕು ಕಡಿಮೆ ಸುಂಕದ ದೇಶದ ಮೂಲಕ ನುಸುಳುತ್ತದೆ. ಅದನ್ನು ತಡೆಯಲು ಸರಕು ಹುಟ್ಟಿದ್ದೆಲ್ಲಿ ಎಂಬ ಪ್ರಮಾಣಪತ್ರ ಕೇಳಬೇಕಾಗುತ್ತದೆ. ಭಾರತ ಮತ್ತು ಶ್ರೀಲಂಕಾ ನಡುವಿನ ಒಪ್ಪಂದದ ನೆಪದಲ್ಲಿ ವಿಯೆಟ್ನಾಂ ಕಾಳುಮೆಣಸು ಶ್ರೀಲಂಕಾದ ಹೆಸರಿನಲ್ಲಿ ಬರುತ್ತಿದೆ ಎಂದು ಕೊಡಗು, ಚಿಕ್ಕಮಗಳೂರಿನ ಬೆಳೆಗಾರರು ದೂರಿದ್ದು ಇದನ್ನೇ. 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಮೆಣಸಿಗೆ ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆ ಗೊತ್ತುಪಡಿಸಿತು. ಸುಂಕ ಒಕ್ಕೂಟದಲ್ಲಿ ಈ ತಾಪತ್ರಯವಿಲ್ಲ, ಯಾಕೆಂದರೆ ನುಸುಳಲು ಅಗ್ಗದ ಬಾಗಿಲೇ ಇರುವುದಿಲ್ಲ.

ವ್ಯಾಪಾರ ಸೃಷ್ಟಿ, ವ್ಯಾಪಾರ ಪಲ್ಲಟ: ಎರಡನ್ನೂ ಒಂದೊಂದು ಸಾಲಿನಲ್ಲಿ ಹೇಳಿಬಿಡಿ.

ನಾವೇ ದುಬಾರಿಯಾಗಿ ಮಾಡಿಕೊಳ್ಳುತ್ತಿದ್ದ ಸರಕನ್ನು ಬಿಟ್ಟು ಅಗ್ಗವಾಗಿ ಮಾಡುವ ಸದಸ್ಯ ದೇಶದಿಂದ ತರಿಸಿಕೊಂಡರೆ ಅದು ಸೃಷ್ಟಿ. ಅಗ್ಗವಾಗಿ ಮಾಡುವ ಹೊರದೇಶವನ್ನು ಬಿಟ್ಟು, ಸುಂಕವಿಲ್ಲ ಎಂಬ ಒಂದೇ ಕಾರಣಕ್ಕೆ ದುಬಾರಿ ಸದಸ್ಯ ದೇಶದಿಂದ ತರಿಸಿಕೊಂಡರೆ ಅದು ಪಲ್ಲಟ.

ಸುಂಕ ತೆಗೆಯುವುದು ಒಳ್ಳೆಯದು ಅಂತ ನೀವೇ ಹೇಳ್ತೀರಿ. ಮತ್ತೆ ಒಕ್ಕೂಟದಿಂದ ನಷ್ಟ ಅನ್ನೋದು ಎಲ್ಲಿಂದ ಬಂತು?

ಎಲ್ಲರ ಮೇಲಿನ ಸುಂಕ ತೆಗೆದರೆ ಕೊಳ್ಳುವವನ ಮುಂದೆ ನಿಜವಾದ ಬೆಲೆಗಳು ಬರುತ್ತವೆ, ಅವನು ಅಗ್ಗದ್ದನ್ನು ಆರಿಸುತ್ತಾನೆ. ಒಬ್ಬನ ಮೇಲಿನ ಸುಂಕ ಮಾತ್ರ ತೆಗೆದರೆ ಹಾಗಾಗುವುದಿಲ್ಲ. ಮೊದಲು ಎಲ್ಲ ವಿದೇಶಿಯರ ಮೇಲೂ ಒಂದೇ ಹೊರೆ ಇತ್ತು, ಆದ್ದರಿಂದ ಅವರೊಳಗೆ ಅಗ್ಗದವನೇ ಗೆಲ್ಲುತ್ತಿದ್ದ. ಈಗ ಒಬ್ಬನ ಹೊರೆ ಇಳಿಸಿ ಮಿಕ್ಕವರ ಹೊರೆ ಉಳಿಸಿದ್ದೇವೆ. ಸ್ವದೇಶಿಗೂ ವಿದೇಶಿಗೂ ಇದ್ದ ತಾರತಮ್ಯ ಕಡಿಮೆಯಾಯಿತು, ಆದರೆ ವಿದೇಶಿ ವಿದೇಶಿಯ ನಡುವೆ ಹೊಸದೊಂದು ತಾರತಮ್ಯ ಹುಟ್ಟಿತು. ಮೊದಲನೆಯದು ಸೃಷ್ಟಿಯ ಕಡೆ ಎಳೆಯುತ್ತದೆ, ಎರಡನೆಯದು ಪಲ್ಲಟದ ಕಡೆ.

1950ರಲ್ಲಿ ಅರ್ಥಶಾಸ್ತ್ರಜ್ಞ ಜೇಕಬ್ ವೈನರ್ ಇದನ್ನು ಬಿಡಿಸಿ ಹೇಳುವ ತನಕ, ಒಕ್ಕೂಟ ಎಂದರೆ ಮುಕ್ತ ವ್ಯಾಪಾರದತ್ತ ಅರ್ಧ ಹೆಜ್ಜೆ, ಅರ್ಧವಾದರೂ ಲಾಭವೇ ಎಂದು ಬಹುತೇಕರು ನಂಬಿದ್ದರು. ಈಗಲೂ ಒಪ್ಪಂದಕ್ಕೆ ಸಹಿ ಬಿದ್ದ ದಿನ ಕೇಳಿಬರುವ ಭಾಷಣಗಳಲ್ಲಿ ಆ ನಂಬಿಕೆಯೇ ಇರುತ್ತದೆ.

## ಲೆಕ್ಕ

ಅದೇ ಸರಕು, ಅದೇ ದೇಶಗಳು ಇದ್ದರೂ ಒಮ್ಮೆ ಸೃಷ್ಟಿ, ಒಮ್ಮೆ ಪಲ್ಲಟ ಆಗುತ್ತೆ ಅಂತಾರೆ. ಹೇಗೆ ಸಾಧ್ಯ?

ಊಹೆಯ ಅಂಕಿಗಳನ್ನು ಇಟ್ಟುಕೊಳ್ಳೋಣ. ಒಂದು ಟನ್ ಬೆಣ್ಣೆ ಮಾಡಲು ನಮ್ಮ ದೇಶದಲ್ಲಿ 150 ಪೌಂಡ್, ಜೊತೆಗಾರ ದೇಶದಲ್ಲಿ 120, ಹೊರಗಿನ ದೇಶದಲ್ಲಿ 100 ತಗಲುತ್ತದೆ.

ನಮ್ಮ ಸುಂಕ ಟನ್ನಿಗೆ 60 ಇದೆ ಎನ್ನಿ. ಹೊರಗಿನವನ ಬೆಣ್ಣೆ 160ಕ್ಕೆ, ಜೊತೆಗಾರನದು 180ಕ್ಕೆ ಬರುತ್ತದೆ. ಹಾಗಾಗಿ ನಮ್ಮದೇ 150ರ ಬೆಣ್ಣೆ ಮಾರಾಟವಾಗುತ್ತದೆ, ಆಮದೇ ಇಲ್ಲ. ಒಕ್ಕೂಟವಾದ ಮೇಲೆ ಜೊತೆಗಾರನದು 120ಕ್ಕೆ ಸಿಗುತ್ತದೆ. 150 ಖರ್ಚಿನ ಕೆಲಸ 120ರಲ್ಲಿ ಮುಗಿಯಿತು. ಇದು ಸೃಷ್ಟಿ.

ಈಗ ಸುಂಕ 60ರ ಬದಲು 30 ಇತ್ತು ಎನ್ನಿ. ಆಗ ಹೊರಗಿನವನದು 130ಕ್ಕೆ ಬರುತ್ತದೆ, ಜೊತೆಗಾರನದು 150ಕ್ಕೆ. ನಾವು ಹೊರಗಿನವನ ಹತ್ತಿರ ಕೊಳ್ಳುತ್ತಿದ್ದೆವು. ಒಕ್ಕೂಟವಾದ ಮೇಲೆ ಜೊತೆಗಾರನದು 120, ಹೊರಗಿನವನದು 130. ಕೊಳ್ಳುವವನು ಜೊತೆಗಾರನ ಕಡೆ ತಿರುಗುತ್ತಾನೆ. 100 ಖರ್ಚಿನಲ್ಲಿ ಆಗುತ್ತಿದ್ದ ಬೆಣ್ಣೆಗೆ ಈಗ 120 ಖರ್ಚು. ಇದು ಪಲ್ಲಟ.

ಬದಲಾಗಿದ್ದು ಹಳೆಯ ಸುಂಕದ ಎತ್ತರ ಒಂದೇ. ಆಮದೇ ನಿಂತುಹೋಗುವಷ್ಟು ಎತ್ತರದ ಸುಂಕ ಇದ್ದಲ್ಲಿ ಒಕ್ಕೂಟದಿಂದ ಪಲ್ಲಟವಾಗಲು ಏನೂ ಇರುವುದಿಲ್ಲ. ಸಾಧಾರಣ ಸುಂಕ ಇಟ್ಟುಕೊಂಡು ಹೊರಗಿನವರಿಂದ ಧಾರಾಳವಾಗಿ ಕೊಳ್ಳುತ್ತಿದ್ದ ದೇಶಕ್ಕೇ ಅಪಾಯ ಹೆಚ್ಚು.

ಎರಡನೇ ಲೆಕ್ಕದಲ್ಲಿ ಬೆಲೆ 130ರಿಂದ 120ಕ್ಕೆ ಇಳಿದಿದೆ. ಗ್ರಾಹಕನಿಗೆ ಅಗ್ಗವಾಯ್ತು, ಆಮದೂ ಜಾಸ್ತಿಯಾಯ್ತು. ಆದರೂ ನಷ್ಟ ಅಂತೀರಲ್ಲ?

ಇದೇ ಇಡೀ ವಿಷಯದ ಕೀಲು, ಆದ್ದರಿಂದ ಪೂರ್ತಿ ಲೆಕ್ಕ ಹಾಕೋಣ. ನಮ್ಮಲ್ಲೂ ಕೆಲವು ಹೈನುಗಾರರು ಕಡಿಮೆ ಖರ್ಚಿನಲ್ಲಿ ಮಾಡುತ್ತಾರೆ ಎಂದು ಸೇರಿಸಿಕೊಳ್ಳಿ. ಬೆಲೆ 130 ಇದ್ದಾಗ ಜನ 140 ಟನ್ ಕೊಳ್ಳುತ್ತಿದ್ದರು, ನಮ್ಮವರು 40 ಟನ್ ಮಾಡುತ್ತಿದ್ದರು, 100 ಟನ್ ಹೊರಗಿನಿಂದ ಬರುತ್ತಿತ್ತು. ಬೆಲೆ 120ಕ್ಕೆ ಇಳಿದಾಗ ಜನ 150 ಟನ್ ಕೊಳ್ಳುತ್ತಾರೆ, ನಮ್ಮವರು 30 ಟನ್ ಮಾಡುತ್ತಾರೆ, 120 ಟನ್ ಜೊತೆಗಾರನಿಂದ ಬರುತ್ತದೆ.

ಗ್ರಾಹಕರಿಗೆ ಸಿಕ್ಕಿದ ಲಾಭ 1,450 ಪೌಂಡ್: ಮೊದಲೇ ಕೊಳ್ಳುತ್ತಿದ್ದ 140 ಟನ್ನಿಗೆ ತಲಾ 10, ಹೊಸದಾಗಿ ಕೊಂಡ 10 ಟನ್ನಿಗೆ ಸರಾಸರಿ 5. ನಮ್ಮ ಹೈನುಗಾರರಿಗೆ ಆದ ನಷ್ಟ 350: ಉಳಿದ 30 ಟನ್ನಿಗೆ ತಲಾ 10, ಕೈಬಿಟ್ಟ 10 ಟನ್ನಿಗೆ ಸರಾಸರಿ 5. ಇಲ್ಲಿಗೆ ನಿಲ್ಲಿಸಿದರೆ ದೇಶಕ್ಕೆ 1,100 ಲಾಭ, ಎಲ್ಲರೂ ಸಂತೋಷವಾಗಿ ಮನೆಗೆ ಹೋಗಬಹುದು.

ಆದರೆ ಖಜಾನೆ ನೋಡಿ. ಮೊದಲು 100 ಟನ್ ಆಮದಿನ ಮೇಲೆ ಟನ್ನಿಗೆ 30ರಂತೆ 3,000 ಪೌಂಡ್ ಸುಂಕ ಬರುತ್ತಿತ್ತು. ಈಗ ಬಿಡಿಗಾಸೂ ಇಲ್ಲ. ಒಟ್ಟು ಲೆಕ್ಕ 1,900 ನಷ್ಟ.

ಆ 3,000 ಎಲ್ಲಿ ಹೋಯಿತು? ಟನ್ನಿಗೆ 10ರಂತೆ 1,000 ನಮ್ಮ ಗ್ರಾಹಕರ ಜೇಬಿಗೆ ಬಂತು, ಅದು ದೇಶದೊಳಗೇ ಉಳಿಯಿತು. ಉಳಿದ 2,000 ಜೊತೆಗಾರನ ಹೆಚ್ಚಿನ ಖರ್ಚನ್ನು ತುಂಬಲು ಹೋಯಿತು. ಅದೇ ಪಲ್ಲಟದ ನಷ್ಟ. ಇದರ ಎದುರು ಸೃಷ್ಟಿಯ ಲಾಭ ಬರೀ 100: ಹೊಸದಾಗಿ ಕೊಂಡ 10 ಟನ್ನಿನಿಂದ 50, ನಮ್ಮವರು ಕೈಬಿಟ್ಟ 10 ಟನ್ನಿನಿಂದ 50. ನಷ್ಟ ಹೊತ್ತವರು ಯಾರೂ ಬೀದಿಗೆ ಬಂದು ಕೂಗುವುದಿಲ್ಲ, ಯಾಕೆಂದರೆ ಅದು ಬಜೆಟ್ಟಿನ ಒಂದು ಸಾಲಿನಲ್ಲಿ ಅಡಗಿರುತ್ತದೆ. ಲಾಭ ಮಾತ್ರ ಅಂಗಡಿಯ ಬೆಲೆಪಟ್ಟಿಯಲ್ಲೇ ಕಾಣುತ್ತದೆ.

ಹಾಗಾಗಿ ಸದಸ್ಯರ ನಡುವಿನ ವ್ಯಾಪಾರ ಇಷ್ಟು ಪಟ್ಟು ಹೆಚ್ಚಿತು ಎಂಬ ಅಂಕಿಯನ್ನು ಯಶಸ್ಸಿನ ಸಾಕ್ಷಿ ಎಂದು ಒಪ್ಪಿಕೊಳ್ಳಬೇಡಿ. ಈ ಲೆಕ್ಕದಲ್ಲಿ ಜೊತೆಗಾರನಿಂದ ಆಮದು ಸೊನ್ನೆಯಿಂದ 120 ಟನ್ನಿಗೆ ಏರಿದೆ, ಒಟ್ಟು ಆಮದೂ 20 ಟನ್ ಹೆಚ್ಚಿದೆ, ದೇಶ ಮಾತ್ರ ಬಡವಾಗಿದೆ.

ಹಾಗಾದರೆ ಪಲ್ಲಟ ಆಯ್ತು ಅಂದ್ರೆ ನಷ್ಟ ಅಂತಲೇ ಅರ್ಥವಾ?

ಇಲ್ಲ. ಮೇಲಿನ ಲೆಕ್ಕದಲ್ಲಿ ಜೊತೆಗಾರನ ಖರ್ಚನ್ನು 120ರ ಬದಲು 102 ಎಂದು ಬದಲಾಯಿಸಿ, ಮಿಕ್ಕದ್ದೆಲ್ಲ ಹಾಗೆಯೇ ಇರಲಿ. ಪಲ್ಲಟದ ನಷ್ಟ 100 ಟನ್ನಿಗೆ ತಲಾ 2, ಅಂದರೆ 200. ಆದರೆ ಬೆಲೆ 28ರಷ್ಟು ಇಳಿಯುವುದರಿಂದ ಕೊಳ್ಳುವಿಕೆ 28 ಟನ್ ಹೆಚ್ಚುತ್ತದೆ, ನಮ್ಮ ಉತ್ಪಾದನೆ 28 ಟನ್ ಇಳಿಯುತ್ತದೆ; ಟನ್ನಿಗೆ ಸರಾಸರಿ 14ರಂತೆ ಕೊಳ್ಳುವವರ ಕಡೆ 392, ದುಬಾರಿ ಉತ್ಪಾದನೆ ಬಿಟ್ಟದ್ದರಿಂದ ಇನ್ನೊಂದು 392 ಲಾಭ. ಒಟ್ಟು 584 ಲಾಭ. ಆಮದು ಪೂರ್ತಿ ಹೊರಗಿನವನಿಂದ ಜೊತೆಗಾರನ ಕಡೆ ತಿರುಗಿದರೂ ದೇಶ ಗೆದ್ದಿದೆ.

ಅಂದರೆ ನೋಡಬೇಕಾದ್ದು ಎರಡು: ಜೊತೆಗಾರ ಲೋಕದ ಅಗ್ಗದವನಿಗಿಂತ ಎಷ್ಟು ದುಬಾರಿ, ಮತ್ತು ಬೆಲೆ ಇಳಿದರೆ ನಮ್ಮ ಕೊಳ್ಳುವಿಕೆ ಎಷ್ಟು ಹಿಗ್ಗುತ್ತದೆ. ಗ್ರಾಹಕನ ಈ ಭಾಗವನ್ನು ವೈನರ್ ಸರಿಯಾಗಿ ಗಮನಿಸಲಿಲ್ಲ ಎಂದು 1950ರ ದಶಕದಲ್ಲೇ ಜೇಮ್ಸ್ ಮೀಡ್, ರಿಚರ್ಡ್ ಲಿಪ್ಸಿ ಮೊದಲಾದವರು ತಿದ್ದಿದರು.

## ಬೆಣ್ಣೆಯ ಪ್ರಕರಣ

ಬ್ರಿಟನ್ ಮತ್ತು ನ್ಯೂಜಿಲೆಂಡ್ ಕಥೆಯನ್ನೇ ಎಲ್ಲರೂ ಯಾಕೆ ಹೇಳ್ತಾರೆ?

ಪಲ್ಲಟವನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಪ್ರಕರಣ ಬೇರೆ ಸಿಗುವುದು ಕಷ್ಟ. 1960ರ ದಶಕದ ಆರಂಭದಲ್ಲಿ ನ್ಯೂಜಿಲೆಂಡಿನ ರಫ್ತಿನ ಸುಮಾರು ಅರ್ಧ ಬ್ರಿಟನ್‌ಗೇ ಹೋಗುತ್ತಿತ್ತು, ಬೆಣ್ಣೆಯಲ್ಲಂತೂ ಬಹುಪಾಲು. ವರ್ಷವಿಡೀ ಹಸುಗಳು ಬಯಲಲ್ಲೇ ಮೇಯುವ ದೇಶ. ಕೊಟ್ಟಿಗೆ, ಒಣಮೇವು, ಹಿಂಡಿಯ ಖರ್ಚು ಕಡಿಮೆ. ಅರ್ಧ ಭೂಮಿ ಸುತ್ತಿಸಿ ಶೀತಲ ಹಡಗಿನಲ್ಲಿ ತಂದರೂ ಅವರ ಬೆಣ್ಣೆ ಯುರೋಪಿನದಕ್ಕಿಂತ ಅಗ್ಗವಾಗಿಯೇ ಬೀಳುತ್ತಿತ್ತು.

1973ರ ಜನವರಿ 1ರಂದು ಬ್ರಿಟನ್, ಐರ್ಲೆಂಡ್, ಡೆನ್ಮಾರ್ಕ್ ಮೂರೂ ಒಟ್ಟಿಗೆ ಸಮುದಾಯ ಸೇರಿದವು. ಡ್ಯಾನಿಶ್, ಐರಿಶ್, ಫ್ರೆಂಚ್ ಬೆಣ್ಣೆ ಒಳಗಿನದಾಯಿತು, ನ್ಯೂಜಿಲೆಂಡಿನದು ಹೊರಗಿನದಾಯಿತು. ಇದು ಮೊದಲೇ ಗೊತ್ತಿದ್ದರಿಂದ ನ್ಯೂಜಿಲೆಂಡ್ ಹಟ ಹಿಡಿದು ಸೇರ್ಪಡೆಯ ಒಪ್ಪಂದದಲ್ಲೇ 18ನೇ ಪ್ರೋಟೋಕಾಲ್ ಎಂಬ ಅನುಬಂಧ ಬರೆಸಿಕೊಂಡಿತು. ಅದರಂತೆ ಮೊದಲ 5 ವರ್ಷ ಬೆಣ್ಣೆ, ಚೀಸ್‌ಗೆ ನಿಗದಿತ ಪ್ರಮಾಣದ ಪ್ರವೇಶ ಸಿಕ್ಕಿತು. ಆದರೆ ಆ ಪ್ರಮಾಣ ವರ್ಷ ವರ್ಷ ಇಳಿಯುತ್ತಿತ್ತು, ಚೀಸ್‌ನದು ಬೆಣ್ಣೆಗಿಂತ ಬಹಳ ಬೇಗ. ಪಲ್ಲಟವನ್ನು ಒಪ್ಪಂದದ ಕಾಗದದಲ್ಲೇ ಟನ್ ಲೆಕ್ಕದಲ್ಲಿ ಬರೆದಿಟ್ಟ ಹಾಗೆ.

ಬ್ರಿಟನ್‌ನಲ್ಲಿ ಮೊದಲು ಆ ಬೆಣ್ಣೆಗೆ ಸುಂಕವೇ ಇರಲಿಲ್ಲವಲ್ಲ. ನಿಮ್ಮ ಲೆಕ್ಕ ಇಲ್ಲಿ ಹೇಗೆ ಹೊಂದುತ್ತೆ?

ಒಳ್ಳೆಯ ಪ್ರಶ್ನೆ, ಪಠ್ಯಪುಸ್ತಕಗಳು ಇದನ್ನು ಹಾರಿಸಿಬಿಡುತ್ತವೆ. 1960ರ ದಶಕದಲ್ಲಿ ಬ್ರಿಟನ್ ಬೆಣ್ಣೆ ಆಮದಿಗೆ ಕೋಟಾ ಇಟ್ಟಿತ್ತು, ಆದರೆ ನ್ಯೂಜಿಲೆಂಡಿಗೆ ಸುಂಕ ಇರಲಿಲ್ಲ. ಮೇಲಿನ ಲೆಕ್ಕದಲ್ಲಿ ಒಕ್ಕೂಟ ಸೇರಿದಾಗ ಗ್ರಾಹಕನಿಗೆ ಬೆಲೆ ಇಳಿಯಿತು. ಬ್ರಿಟನ್‌ನಲ್ಲಿ ಉಲ್ಟಾ ಆಯಿತು: ಒಕ್ಕೂಟದ ಹೊರಗೋಡೆಯೇ ಹೊಸದಾಗಿ ಎದ್ದುನಿಂತಿದ್ದರಿಂದ ಬೆಲೆ ಏರಿತು.

ಆ ಗೋಡೆ ಮಾಮೂಲಿ ಸುಂಕವೂ ಅಲ್ಲ. ಸಮುದಾಯದ ಕೃಷಿ ನೀತಿಯಲ್ಲಿ ಒಂದು ಗಡಿಬೆಲೆ ನಿಗದಿ ಮಾಡುತ್ತಿದ್ದರು. ಲೋಕದ ಬೆಲೆ ಅದಕ್ಕಿಂತ ಎಷ್ಟು ಕೆಳಗಿದೆಯೋ ಅಷ್ಟನ್ನೂ ಲೆವಿಯಾಗಿ ವಸೂಲಿ ಮಾಡುತ್ತಿದ್ದರು. ಗಡಿಬೆಲೆ 200, ಲೋಕದ ಬೆಲೆ 100 ಇದ್ದರೆ ಲೆವಿ 100. ಹೊರಗಿನವನು ಕಷ್ಟಪಟ್ಟು ಖರ್ಚು ತಗ್ಗಿಸಿ 90ಕ್ಕೆ ಕೊಡುತ್ತೇನೆಂದರೆ ಲೆವಿ 110 ಆಗುತ್ತದೆ. ಮಾಮೂಲಿ ಸುಂಕವನ್ನು ಅಗ್ಗದವನು ಹೇಗಾದರೂ ಹಾರಿ ದಾಟಬಹುದು. ಇದು ಅವನು ಹಾರಿದಷ್ಟೂ ಎತ್ತರವಾಗುವ ಗೋಡೆ. ಪ್ರೋಟೋಕಾಲಿನ ವಿಶೇಷ ಏರ್ಪಾಡು ಇಲ್ಲದಿದ್ದರೆ ನ್ಯೂಜಿಲೆಂಡಿಗೆ ಬೆಲೆಯ ಮೇಲೆ ಪೈಪೋಟಿ ಮಾಡುವ ದಾರಿಯೇ ಇರಲಿಲ್ಲ.

ಇನ್ನೊಂದು ಕಿರಿಕಿರಿ. ಹಾಗೆ ವಸೂಲಾದ ಲೆವಿ ಬ್ರಿಟನ್ನಿನ ಖಜಾನೆಗಲ್ಲ, ಸಮುದಾಯದ ಸಾಮಾನ್ಯ ಬಜೆಟ್ಟಿಗೆ ಹೋಗುತ್ತಿತ್ತು. ಹೊರಗಿನಿಂದ ಹೆಚ್ಚು ಆಹಾರ ತರಿಸುತ್ತಿದ್ದ, ಕೃಷಿ ಸಹಾಯಧನ ಕಡಿಮೆ ಪಡೆಯುತ್ತಿದ್ದ ಬ್ರಿಟನ್ನಿಗೆ ಎರಡೂ ಕಡೆ ಏಟು. ಪ್ರಧಾನಿ ಮಾರ್ಗರೆಟ್ ಥ್ಯಾಚರ್ ವರ್ಷಗಟ್ಟಲೆ ಜಗಳವಾಡಿ 1984ರಲ್ಲಿ ಫ್ರಾನ್ಸಿನ ಫಾಂಟೆನ್‌ಬ್ಲೋ ಸಭೆಯಲ್ಲಿ ಹಣ ವಾಪಸ್ ಪಡೆಯುವ ಏರ್ಪಾಡು ಮಾಡಿಸಿಕೊಂಡರು. ಆ ಜಗಳದ ಬೇರುಗಳಲ್ಲಿ ಇದೂ ಒಂದು.

ಜೊತೆಗಾರ ದೇಶದ ರೈತನಿಗಾದರೂ ಲಾಭವಾಯ್ತಲ್ಲ?

ಆಯಿತು, ಆದರೆ ಲಾಭ ಎಂದಷ್ಟೇ ಹೇಳಿ ಬಿಡುವಂತಿಲ್ಲ. ಸಮುದಾಯ ರೈತನಿಗೆ ಕೊಟ್ಟ ಗ್ಯಾರಂಟಿ ಬೆಲೆ ಎತ್ತರದಲ್ಲಿ ಇದ್ದಾಗ ತಿನ್ನುವವರಿಗೆ ಬೇಕಾದ್ದಕ್ಕಿಂತ ಹೆಚ್ಚು ಬೆಣ್ಣೆ ಹುಟ್ಟುತ್ತದೆ. ಸಮುದಾಯ ಅದನ್ನು ಕೊಂಡು ಶೀತಲ ಗೋದಾಮಿನಲ್ಲಿ ತುಂಬಿಸುತ್ತಿತ್ತು; ಬೆಣ್ಣೆ ಬೆಟ್ಟ ಎಂಬ ಅಡ್ಡಹೆಸರು ಬಂದದ್ದು ಹೀಗೆ. ಬ್ರಿಟನ್ ಸೇರಿದ ವರ್ಷವೇ, 1973ರಲ್ಲಿ, ಸುಮಾರು 2 ಲಕ್ಷ ಟನ್ ಬೆಣ್ಣೆಯನ್ನು ಸೋವಿಯತ್ ಒಕ್ಕೂಟಕ್ಕೆ ತೀರಾ ಅಗ್ಗಕ್ಕೆ ಮಾರಿದರು. ತಮ್ಮ ಅಂಗಡಿಯಲ್ಲಿ ದುಬಾರಿಯಾಗುತ್ತಿದ್ದ ಅದೇ ಬೆಣ್ಣೆ ಮಾಸ್ಕೋಗೆ ಅಗ್ಗಕ್ಕೆ ಹೋಯಿತು ಎಂದು ತಿಳಿದ ಬ್ರಿಟಿಷ್ ಗೃಹಿಣಿಯರ ಸಿಟ್ಟನ್ನು ಊಹಿಸಿಕೊಳ್ಳಿ.

ಬ್ರಿಟನ್ ಈಗ ಹೊರಗೆ ಬಂದಿದೆ. ಬೆಣ್ಣೆ ವಾಪಸ್ ಬಂತಾ?

2023ರ ಮೇ 31ರಿಂದ ಬ್ರಿಟನ್ ಮತ್ತು ನ್ಯೂಜಿಲೆಂಡ್ ನಡುವೆ ಮುಕ್ತ ವ್ಯಾಪಾರ ಒಪ್ಪಂದ ಜಾರಿಯಲ್ಲಿದೆ. ಬೆಣ್ಣೆಯ ಸುಂಕ ಕೆಲವು ವರ್ಷಗಳಲ್ಲಿ ಹಂತಹಂತವಾಗಿ ಸೊನ್ನೆಯಾಗಬೇಕು. ಆದರೆ ನ್ಯೂಜಿಲೆಂಡ್ 50 ವರ್ಷ ಕಾಯುತ್ತ ಕೂರಲಿಲ್ಲ. 1983ರಲ್ಲಿ ಆಸ್ಟ್ರೇಲಿಯಾ ಜೊತೆ, 2008ರಲ್ಲಿ ಚೀನಾ ಜೊತೆ ಒಪ್ಪಂದ ಮಾಡಿಕೊಂಡು ತನ್ನ ಹಾಲಿನ ಪದಾರ್ಥಗಳಿಗೆ ಏಷ್ಯಾದಲ್ಲಿ ಮಾರುಕಟ್ಟೆ ಕಟ್ಟಿಕೊಂಡಿದೆ. ಪಲ್ಲಟದ ನಷ್ಟವನ್ನು ಒಂದು ವರ್ಷದ ಲೆಕ್ಕದಲ್ಲಿ ಮಾತ್ರ ಅಳೆದರೆ ಈ ಬದಲಾವಣೆಗಳು ಕಾಣುವುದಿಲ್ಲ.

ಭಾರತಕ್ಕೆ ಏನಾದರೂ ಬಿಸಿ ತಟ್ಟಿತಾ?

ತಟ್ಟಿತು, ಆದರೆ ನ್ಯೂಜಿಲೆಂಡಿನಷ್ಟಲ್ಲ. ಕಾಮನ್‌ವೆಲ್ತ್ ದೇಶವಾಗಿ ಬ್ರಿಟನ್‌ನಲ್ಲಿ ಸಿಗುತ್ತಿದ್ದ ಸುಂಕ ರಿಯಾಯಿತಿ ಹೋಯಿತು. 1973ರ ಡಿಸೆಂಬರಿನಲ್ಲಿ ಭಾರತ ಸಮುದಾಯದ ಜೊತೆ ವಾಣಿಜ್ಯ ಸಹಕಾರ ಒಪ್ಪಂದಕ್ಕೆ ಸಹಿ ಹಾಕಿದ್ದರ ಹಿಂದೆ ಈ ಚಿಂತೆಯೂ ಇತ್ತು.

## ಸ್ವಲ್ಪ ಆಳಕ್ಕೆ

ನಿಜವಾದ ಅಂಕಿಅಂಶ ಇಟ್ಟುಕೊಂಡು ಸೃಷ್ಟಿ ಯಾವುದು, ಪಲ್ಲಟ ಯಾವುದು ಅಂತ ಹೇಗೆ ಪತ್ತೆ ಮಾಡ್ತಾರೆ?

ಸರಳ ವಿಧಾನದಿಂದ ಶುರು ಮಾಡೋಣ. ಒಂದು ಸರಕಿನ ದೇಶದೊಳಗಿನ ಒಟ್ಟು ಬಳಕೆಯನ್ನು ಮೂರು ಪಾಲು ಮಾಡಿ: ಸ್ವಂತ ಉತ್ಪಾದನೆ, ಸದಸ್ಯರಿಂದ ಬಂದದ್ದು, ಹೊರಗಿನಿಂದ ಬಂದದ್ದು. ಸದಸ್ಯರ ಪಾಲು ಒಕ್ಕೂಟದ ನಂತರ ಏರುವುದು ಸಹಜ. ಅದು ಯಾರ ಪಾಲನ್ನು ತಿಂದು ಏರಿತು ಎಂಬುದೇ ಪ್ರಶ್ನೆ. ಸ್ವಂತ ಉತ್ಪಾದನೆಯ ಪಾಲು ಕುಗ್ಗಿ ಹೊರಗಿನವರದು ಹಾಗೆಯೇ ಉಳಿದಿದ್ದರೆ ಸೃಷ್ಟಿ. ಹೊರಗಿನವರ ಪಾಲು ಕುಗ್ಗಿದ್ದರೆ ಪಲ್ಲಟ.

ತೊಂದರೆ ಏನೆಂದರೆ, ಒಕ್ಕೂಟ ಇಲ್ಲದಿದ್ದರೂ ಈ ಪಾಲುಗಳು ಬದಲಾಗುತ್ತಲೇ ಇರುತ್ತವೆ. ಹೊರದೇಶದಲ್ಲಿ ಬರ ಬಂದು ಸರಬರಾಜು ಕುಸಿದಿರಬಹುದು, ವಿನಿಮಯ ದರ ಬದಲಾಗಿರಬಹುದು. ಒಕ್ಕೂಟ ಇಲ್ಲದಿದ್ದರೆ ಏನಾಗುತ್ತಿತ್ತು ಎಂಬ ಕಾಲ್ಪನಿಕ ದಾರಿಯನ್ನು ಯಾವುದಾದರೂ ಮಾದರಿಯಿಂದ ಕಟ್ಟಿ ಹೋಲಿಸಬೇಕು, ಉತ್ತರ ಆ ಮಾದರಿಯ ಮೇಲೆ ನಿಂತಿರುತ್ತದೆ. ಸಮುದಾಯವನ್ನು ಕಟ್ಟಿದ ಯುರೋಪಿನ ಮೊದಲ ಆರು ದೇಶಗಳ ಮೇಲೆ ಅರ್ಥಶಾಸ್ತ್ರಜ್ಞ ಬೇಲಾ ಬಲಾಸ ಮಾಡಿದ ಅಧ್ಯಯನಗಳಲ್ಲಿ ಕಾರ್ಖಾನೆಯ ಸರಕುಗಳಲ್ಲಿ ಸೃಷ್ಟಿ ಮೇಲುಗೈ ಆಗಿತ್ತು, ಆಹಾರ ಪದಾರ್ಥಗಳಲ್ಲಿ ಪಲ್ಲಟ ಕಂಡಿತು. ಒಂದೇ ಒಕ್ಕೂಟ, ಎರಡು ಕೋಣೆಗಳಲ್ಲಿ ಎರಡು ಫಲಿತಾಂಶ. ಆದ್ದರಿಂದ ಒಕ್ಕೂಟ ಒಳ್ಳೆಯದೋ ಕೆಟ್ಟದ್ದೋ ಎಂದು ಇಡಿಯಾಗಿ ಕೇಳುವವರಿಗೆ, ಯಾವ ಸರಕು ಎಂದು ಮರುಪ್ರಶ್ನೆ ಹಾಕುವುದು ನನ್ನ ರೂಢಿ.

ಇನ್ನೊಂದು ಸುಳಿವು 1990ರ ದಶಕದಲ್ಲಿ ದಕ್ಷಿಣ ಅಮೆರಿಕದ ಮರ್ಕೊಸೂರ್ ಒಕ್ಕೂಟದ ಬಗ್ಗೆ ವಿಶ್ವಬ್ಯಾಂಕಿನ ಅಲೆಕ್ಸಾಂಡರ್ ಯೇಟ್ಸ್ ಮಾಡಿದ ಅಧ್ಯಯನದಿಂದ ಸಿಗುತ್ತದೆ. ಬ್ರೆಜಿಲ್, ಅರ್ಜೆಂಟೀನಾ ಮೊದಲಾದ ಸದಸ್ಯರ ನಡುವೆ ಅತಿ ವೇಗವಾಗಿ ಬೆಳೆದ ಸರಕುಗಳು ಯಾವುವು, ಅವೇ ಸರಕುಗಳನ್ನು ಆ ದೇಶಗಳು ಹೊರಗಿನವರಿಗೂ ಮಾರಲು ಶಕ್ತವೇ ಎಂದು ಅವರು ನೋಡಿದರು. ಬಹುತೇಕ ಶಕ್ತವಾಗಿರಲಿಲ್ಲ. ನೆರೆಯವನಿಗೆ ಮಾತ್ರ ಮಾರಾಟವಾಗಿ ಬೇರೆಲ್ಲೂ ಬಿಕರಿಯಾಗದ ಸರಕು ಗೋಡೆಯ ಆಸರೆಯಲ್ಲಿ ಓಡುತ್ತಿದೆ ಎಂದೇ ಅನುಮಾನಿಸಬೇಕು.

ಇಷ್ಟೆಲ್ಲಾ ತಲೆನೋವು ಯಾಕೆ? ಸುಮ್ಮನೆ ಎಲ್ಲರ ಮೇಲಿನ ಸುಂಕ ಇಳಿಸಿದರೆ ಆಗಲ್ವಾ?

1965ರಲ್ಲಿ ಅರ್ಥಶಾಸ್ತ್ರಜ್ಞರಾದ ಕೂಪರ್, ಮ್ಯಾಸೆಲ್ ಇಬ್ಬರೂ ಕೇಳಿದ್ದು ಇದನ್ನೇ. ಮೇಲಿನ ಲೆಕ್ಕಕ್ಕೆ ವಾಪಸ್ ಬನ್ನಿ. ಒಕ್ಕೂಟದಿಂದ ಬೆಲೆ 120ಕ್ಕೆ ಇಳಿಯಿತು. ಅದೇ 120 ಬೇಕಿದ್ದರೆ ಎಲ್ಲರ ಮೇಲಿನ ಸುಂಕವನ್ನು 30ರಿಂದ 20ಕ್ಕೆ ಇಳಿಸಿದ್ದರೆ ಸಾಕಿತ್ತು. ಗ್ರಾಹಕನಿಗೆ ಅದೇ ಬೆಲೆ, ಹೈನುಗಾರನಿಗೆ ಅದೇ ಪೈಪೋಟಿ, ಆದರೆ ಬೆಣ್ಣೆ 100ರ ದೇಶದಿಂದಲೇ ಬರುತ್ತಿತ್ತು. 120 ಟನ್ನಿಗೆ ತಲಾ 20ರಂತೆ 2,400 ಪೌಂಡ್ ಖಜಾನೆಗೂ ಉಳಿಯುತ್ತಿತ್ತು. ಆಗ ದೇಶಕ್ಕೆ 1,900 ನಷ್ಟದ ಬದಲು 500 ಲಾಭ.

ಹಾಗಿದ್ದೂ ದೇಶಗಳು ಒಕ್ಕೂಟವನ್ನೇ ಯಾಕೆ ಆರಿಸುತ್ತವೆ ಎಂದರೆ, ಒಬ್ಬರೇ ಸುಂಕ ಇಳಿಸಿದರೆ ಜೊತೆಗಾರನ ಮಾರುಕಟ್ಟೆ ತೆರೆಯುವುದಿಲ್ಲ. ನಮ್ಮ ರಫ್ತುದಾರರಿಗೆ ಅಲ್ಲಿ ಸುಂಕವಿಲ್ಲದೆ ಮಾರುವ ಅವಕಾಶ ಕೊಡುಕೊಳ್ಳುವಿಕೆಯಿಂದಲೇ ಸಿಗುವುದು. ರಾಜಕೀಯ ಕಾರಣಗಳೂ ಇರುತ್ತವೆ; ಯುರೋಪಿನ ಆರು ದೇಶಗಳು ಬೆಣ್ಣೆಗಾಗಿ ಒಂದಾಗಲಿಲ್ಲ.

ಹೊರಗಿನವರಿಗೆ ನಷ್ಟವಾಗದ ಹಾಗೆ ಒಕ್ಕೂಟ ಮಾಡೋಕೆ ಸಾಧ್ಯವೇ ಇಲ್ವಾ?

ಕಾಗದದ ಮೇಲೆ ಸಾಧ್ಯ. 1976ರಲ್ಲಿ ಮರ್ರೇ ಕೆಂಪ್, ಹೆನ್ರಿ ವಾನ್ ತೋರಿಸಿದ್ದು ಹೀಗೆ: ಹೊರಗಿನವರ ಜೊತೆಗಿನ ವ್ಯಾಪಾರ ಮೊದಲು ಎಷ್ಟಿತ್ತೋ ಅಷ್ಟೇ ಉಳಿಯುವಂತೆ ಹೊರಸುಂಕವನ್ನು ಸರಕು ಸರಕಿಗೂ ಹೊಂದಿಸಿ, ಸದಸ್ಯರ ನಡುವೆ ಹಣದ ವರ್ಗಾವಣೆಗೆ ಏರ್ಪಾಡು ಮಾಡಿದರೆ ಯಾರಿಗೂ ನಷ್ಟವಾಗದೆ ಸದಸ್ಯರಿಗೆ ಲಾಭವಾಗುತ್ತದೆ. ಪಲ್ಲಟ ತಪ್ಪಿಸಬೇಕಾದರೆ ಹೊರಗೋಡೆಯನ್ನು ಸಾಮಾನ್ಯವಾಗಿ ತಗ್ಗಿಸಬೇಕಾಗುತ್ತದೆ ಎಂಬುದು ಇದರ ತಾತ್ಪರ್ಯ. ವಾಸ್ತವದಲ್ಲಿ ಗೋಡೆಯ ಎತ್ತರ ನಿರ್ಧಾರವಾಗುವುದು ದೊಡ್ಡ ಸದಸ್ಯನ ಉದ್ಯಮಿಗಳ ಒತ್ತಡದಿಂದ. 2010ರಲ್ಲಿ ರಷ್ಯಾ, ಬೆಲಾರೂಸ್, ಕಜಕಸ್ತಾನ ಒಕ್ಕೂಟ ಮಾಡಿಕೊಂಡಾಗ ಸಾಮಾನ್ಯ ಸುಂಕಪಟ್ಟಿ ಬಹುಮಟ್ಟಿಗೆ ರಷ್ಯಾದ್ದೇ ಆಯಿತು. ಅಲ್ಲಿಯವರೆಗೆ ಕಡಿಮೆ ಸುಂಕ ಇಟ್ಟುಕೊಂಡಿದ್ದ ಕಜಕಸ್ತಾನ ತನ್ನದನ್ನು ಏರಿಸಬೇಕಾಯಿತು.

ಜಾಗತಿಕ ನಿಯಮಗಳು ಇದನ್ನು ತಡೆಯುವುದಿಲ್ವಾ?

ಸುಂಕ ಮತ್ತು ವ್ಯಾಪಾರದ ಜಾಗತಿಕ ಒಪ್ಪಂದವಾದ ಗ್ಯಾಟ್‌ನ 24ನೇ ವಿಧಿ ಸುಂಕ ಒಕ್ಕೂಟಗಳಿಗೆ ಅವಕಾಶ ಕೊಡುತ್ತದೆ, ಎರಡು ಮುಖ್ಯ ಷರತ್ತುಗಳೊಂದಿಗೆ. ಸದಸ್ಯರ ನಡುವೆ ಬಹುಪಾಲು ಎಲ್ಲ ವ್ಯಾಪಾರದ ಮೇಲಿನ ಸುಂಕ ಹೋಗಬೇಕು. ಹೊರಗಿನವರ ಮೇಲಿನ ಹೊರೆ ಒಟ್ಟಾರೆಯಾಗಿ ಮೊದಲಿಗಿಂತ ಹೆಚ್ಚಬಾರದು. ಆದರೆ ಒಟ್ಟಾರೆ ಎಂಬುದು ಸರಾಸರಿಯ ಮಾತು. ಯಂತ್ರಗಳ ಸುಂಕ ಇಳಿದು ಧಾನ್ಯದ ಸುಂಕ ಏರಿದರೆ ಸರಾಸರಿ ಸರಿಯಾಗಿಯೇ ಕಾಣಬಹುದು, ಧಾನ್ಯ ಮಾರುವವನ ಪಾಡು ಮಾತ್ರ ಕೆಡುತ್ತದೆ. ಪಲ್ಲಟಕ್ಕೆ ಸುಂಕ ಏರಬೇಕೆಂದೂ ಇಲ್ಲ: ನಮ್ಮ ಲೆಕ್ಕದಲ್ಲಿ ಹೊರಸುಂಕ 30 ಇದ್ದದ್ದು 30ರಲ್ಲೇ ಇತ್ತು.

ಒಪ್ಪಿಕೊಂಡ ದರಕ್ಕಿಂತ ಸುಂಕ ಏರಿದರೆ ಹೊರಗಿನವರು ಪರಿಹಾರ ಕೇಳಬಹುದು ಎಂಬ ನಿಯಮಕ್ಕೆ ಮಾತ್ರ ಹಲ್ಲಿದೆ. 1986ರಲ್ಲಿ ಸ್ಪೇನ್, ಪೋರ್ಚುಗಲ್ ಸಮುದಾಯ ಸೇರಿದಾಗ ಸ್ಪೇನಿಗೆ ಬರುತ್ತಿದ್ದ ಅಮೆರಿಕದ ಮೆಕ್ಕೆಜೋಳ, ಜೋಳದ ಮೇಲೆ ಸಮುದಾಯದ ಲೆವಿ ಬಿತ್ತು. ಅಮೆರಿಕ ಸುಮ್ಮನಿರಲಿಲ್ಲ; ಯುರೋಪಿನ ಬ್ರಾಂಡಿ, ಬಿಳಿ ವೈನ್, ಚೀಸ್ ಮುಂತಾದವುಗಳ ಮೇಲೆ 200% ಸುಂಕ ಹಾಕುತ್ತೇನೆ ಎಂದು ಹೆದರಿಸಿತು. 1987ರ ಆರಂಭದಲ್ಲಿ ರಾಜಿಯಾಯಿತು. ಸ್ಪೇನ್ ವರ್ಷಕ್ಕೆ 20 ಲಕ್ಷ ಟನ್ ಮೆಕ್ಕೆಜೋಳ, 3 ಲಕ್ಷ ಟನ್ ಜೋಳವನ್ನು ಸಮುದಾಯದ ಹೊರಗಿನಿಂದ ಕಡಿಮೆ ಲೆವಿಯಲ್ಲಿ ತರಿಸಲು ಒಪ್ಪಿತು. ಪರಿಹಾರ ಪಡೆಯಲು ಕಾನೂನಿನ ಹಕ್ಕು ಎಲ್ಲ ಹೊರದೇಶಗಳಿಗೂ ಇದೆ, 200% ಎಂದು ಹೇಳಿ ಹೆದರಿಸುವ ಶಕ್ತಿ ಕೆಲವರಿಗೆ ಮಾತ್ರ.